ಪಿನ್ ಹಾಕುವ ಪುಟ ಕನ್ನಡದಲ್ಲಿ ಯಾಕಿಲ್ಲ? ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಒಬ್ಬ ಕಿರಾಣಿ ಅಂಗಡಿಯವನು. ಈ ಪತ್ರವನ್ನು ನೀವೇ ಓದುತ್ತೀರೋ ನಿಮ್ಮ ಪಿಎ ಓದಿ ಬದಿಗಿಡುತ್ತಾರೋ ಗೊತ್ತಿಲ್ಲ. ಹಾಗಾಗಿಯೇ ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಬರೆಯುತ್ತಿದ್ದೇನೆ. ಬೇಡಿಕೆ ಒಂದೇ, ಮೊದಲೇ ಹೇಳಿಬಿಡುತ್ತೇನೆ. ಯುಪಿಐಯಲ್ಲಿ ಪಿನ್ ಹಾಕುವ ಪುಟದಲ್ಲಿ "ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಹೋಗುತ್ತಿದೆ" ಎಂದು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರಬೇಕು.

ಇಷ್ಟೇನಾ ಅನ್ನಬೇಡಿ. ಇಷ್ಟು ಇಲ್ಲದ್ದಕ್ಕೇ ನಮ್ಮ ಅತ್ತಿಗೆಯ ಎಂಟು ಸಾವಿರ ಹೋಯಿತು.

ಅತ್ತಿಗೆ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. 2025ರ ಮೇ ಕೊನೆಯಲ್ಲಿ ಒಬ್ಬ ಫೋನ್ ಮಾಡಿದ. ಹಿಂದಿ ಬೆರೆಸಿದ ಕನ್ನಡ, ಬಹಳ ಮರ್ಯಾದೆಯ ಮಾತು. ತಾನು ಸೇನೆಯವನು, ಕ್ಯಾಂಟೀನಿಗೆ ಇನ್ನೂರು ಕಟ್ಟು ಹಪ್ಪಳ ಬೇಕು, ಕಟ್ಟಿಗೆ ಅರವತ್ತರಂತೆ ಹನ್ನೆರಡು ಸಾವಿರವನ್ನೂ ಮುಂಗಡವಾಗಿ ಕೊಡುತ್ತೇನೆ ಅಂದ. ಚೌಕಾಸಿ ಮಾಡಲಿಲ್ಲ. ವಾಟ್ಸಾಪಿನಲ್ಲಿ ಸಮವಸ್ತ್ರದ ಫೋಟೋ ಇರುವ ಗುರುತಿನ ಚೀಟಿ ಕಳಿಸಿದ. ನಮ್ಮೂರಿನ ಯಾವ ಗಿರಾಕಿಯೂ ಹಪ್ಪಳ ಕೊಳ್ಳಲು ಗುರುತಿನ ಚೀಟಿ ತೋರಿಸಿದ್ದಿಲ್ಲ. ಅನುಮಾನ ಪಡಲು ಅದೊಂದೇ ಸಾಕಿತ್ತು, ಆದರೆ ಸೇನೆಯ ಹೆಸರು ಹೇಳಿದವನನ್ನು ನಮ್ಮ ಕಡೆ ಯಾರು ಅನುಮಾನಿಸುತ್ತಾರೆ?

ಮೊದಲು ಹತ್ತು ರೂಪಾಯಿ ಹಾಕಿದ. ಅದು ನಿಜವಾಗಿಯೂ ಬಂತು, ಅತ್ತಿಗೆ ಪಿನ್ ಒತ್ತಲಿಲ್ಲ, ಏನನ್ನೂ ಮುಟ್ಟಲಿಲ್ಲ, ಬಂತು. ಹಣ ಬರುವ ದಾರಿ ಅಷ್ಟೇ ಸಲೀಸು. ಆಮೇಲೆ ಅವನು, "ಮೇಡಂ, ನಮ್ಮದು ಮಿಲಿಟರಿ ಖಾತೆ, ದೊಡ್ಡ ಮೊತ್ತ ನೇರವಾಗಿ ಹೋಗೋದಿಲ್ಲ. ಒಂದು ಸಲಕ್ಕೆ ಎರಡು ಸಾವಿರ ಮಾತ್ರ. ಆರು ಸಲ ಕಳಿಸ್ತೀನಿ, ನೀವು ಒಪ್ಪಿಗೆ ಕೊಡಿ" ಅಂದ.

ಸ್ವಾಮಿ, ಇಲ್ಲಿ ಅವನ ಬುದ್ಧಿ ನೋಡಿ. ಆ ಎರಡು ಸಾವಿರ ಮಿಲಿಟರಿಯ ನಿಯಮವಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ 'ಹಣ ಕೊಡಿ' ಎಂದು ಕೋರಿಕೆ ಕಳಿಸುವ ಕಲೆಕ್ಟ್ ರಿಕ್ವೆಸ್ಟಿಗೆ, ವಂಚನೆ ತಡೆಯಲೆಂದೇ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಇಟ್ಟಿದ್ದ ಮಿತಿ ಅದು. ಜನರನ್ನು ಕಾಯಲು ಹಾಕಿದ ಬೇಲಿಯನ್ನೇ ಅವನು ತನ್ನ ಕಥೆಗೆ ಸಾಕ್ಷಿ ಮಾಡಿಕೊಂಡ. ಕೋರಿಕೆಯ ಜೊತೆ ಬರೆಯಲು ಒಂದು ಸಣ್ಣ ಜಾಗ ಇರುತ್ತಿತ್ತಲ್ಲ, ಅಲ್ಲಿ ಕಳಿಸುವವನು ಏನು ಬೇಕಾದರೂ ಬರೆಯಬಹುದಿತ್ತು. ಇವನು ADVANCE RECEIVED ಎಂದು ಬರೆದಿದ್ದ. ಅತ್ತಿಗೆ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಇಂಗ್ಲಿಷ್ ಅಕ್ಷರ ಕೂಡಿಸಿ 'ಅಡ್ವಾನ್ಸ್' ಎಂದು ಓದಿಕೊಂಡರು. ಫೋನಿನ ಅಂಗಡಿಯವನು ಹಾಕಿಕೊಟ್ಟ ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲೇ ಇತ್ತು. ಒತ್ತಬೇಕಾದ ಗುಂಡಿಯ ಮೇಲೆ Pay ಅಂತಿತ್ತು. ಒತ್ತಿ, ಪಿನ್ ಹಾಕಿದರು.

ಎರಡು ಸಾವಿರ ಕಡಿತವಾಗಿದೆ ಎಂದು ಬ್ಯಾಂಕಿನ ಮೆಸೇಜು ಬಂತು. ಅದೂ ಇಂಗ್ಲಿಷ್. "ಅದು ವೆರಿಫಿಕೇಶನ್ ಮೇಡಂ, ಆರೂ ಸೇರಿದ ಮೇಲೆ ಡಬಲ್ ಆಗಿ ಒಟ್ಟಿಗೇ ಬೀಳುತ್ತೆ" ಅಂದ. ಫೋನ್ ಕಟ್ ಮಾಡಲು ಬಿಡಲಿಲ್ಲ, ಪಕ್ಕದಲ್ಲಿದ್ದವರನ್ನು ಕೇಳಲು ಬಿಡಲಿಲ್ಲ, ಮಾತಾಡುತ್ತಲೇ ಇದ್ದ. ನಾಲ್ಕು ಸಲ ಹೋಯಿತು. ಐದನೆಯದು ಹೋಗಲಿಲ್ಲ, ಯಾಕೆಂದರೆ ಖಾತೆಯಲ್ಲಿ ಅಷ್ಟು ಉಳಿದಿರಲಿಲ್ಲ. ಹೋದದ್ದರಲ್ಲಿ ಒಂದು ಕಂತು ಗೃಹಲಕ್ಷ್ಮಿಯದ್ದು.

ಅವರ ಮಗ ಮನೆಗೆ ಬಂದದ್ದು ಮರುದಿನ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಆಗ. ಆ ಸಂಖ್ಯೆಗೆ ಕೂಡಲೇ ಹೇಳಿದರೆ, ಹಣ ಹೋಗಿ ಬಿದ್ದ ಖಾತೆಯಲ್ಲಿ ಇನ್ನೂ ಉಳಿದಿದ್ದನ್ನು ಬ್ಯಾಂಕುಗಳು ತಡೆಹಿಡಿಯುತ್ತವೆ. ತಡವಾದಷ್ಟೂ ಅದು ಬಾಡಿಗೆಗೆ ಪಡೆದ ಯಾರದೋ ಖಾತೆಯಿಂದ ಇನ್ಯಾರದೋ ಖಾತೆಗೆ ಹಾರಿ ಎಟಿಎಮ್ಮಿನಲ್ಲಿ ನೋಟಾಗಿರುತ್ತದೆ. ನಮ್ಮದು ನೋಟಾಗಿತ್ತು. ದೂರು ಕೊಡುವಾಗ ಪ್ರತಿ ವಹಿವಾಟಿನ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆ ಕೇಳುತ್ತಾರೆ. ಅದು ಆ್ಯಪಿನ ಹಿಸ್ಟರಿಯಲ್ಲಿರುತ್ತದೆ ಎಂದು ನಮಗೆ ಹೇಳಿದ್ದು ಪೊಲೀಸರಲ್ಲ, ಬ್ಯಾಂಕಲ್ಲ, ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗ.

ಇನ್ನು ಬ್ಯಾಂಕಿನ ಕಥೆ. ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನ ಸಾಲದ ಫೈಲಿಗೆ ಕಾಲು ಬರುತ್ತದೆ. ಅಲ್ಲಿನ ಅಧಿಕಾರಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ತೋರಿಸಿದರು. ನಿಮಗೆ ಅದು ಗೊತ್ತೇ ಇರುತ್ತದೆ. ಅದರ ಪ್ರಕಾರ, ಗ್ರಾಹಕನ ತಪ್ಪಿಲ್ಲದೆ, ಹೊರಗಿನವರ ಕೈಚಳಕದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ಹೇಳಿದರೆ ನಷ್ಟ ಗ್ರಾಹಕನದ್ದಲ್ಲ. ಆದರೆ ಗ್ರಾಹಕನ ನಿರ್ಲಕ್ಷ್ಯದಿಂದ ಹೋದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ಅವನದ್ದೇ. "ಪಿನ್ ಹಾಕಿದ್ದು ನೀವೇ ತಾನೇ? ಮುಗಿಯಿತು" ಅಂದರು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಕೌಂಟರಿನಲ್ಲಿ ಹತ್ತು ಜನರ ಎದುರು ಅತ್ತಿಗೆಯನ್ನು ನೋಡಿ, "ಓದೋಕೆ ಬರಲ್ವಾ ನಿಮಗೆ? ಓದೋಕೆ ಬರದವರಿಗೆ ಈ ಆ್ಯಪ್ ಎಲ್ಲಾ ಯಾಕೆ?" ಅಂತ ಕೇಳಿದರು.

ಓದೋಕೆ ಬರುತ್ತೆ ಸಾರ್. ಚೆನ್ನಾಗಿ ಬರುತ್ತೆ. ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಹೆಂಗಸು ಆಕೆ. ನೀವು ಓದಲು ಕೊಟ್ಟಿದ್ದು ಏನು, ಯಾವ ಭಾಷೆಯಲ್ಲಿ?

ಆಮೇಲೆ ನಾನೇ ಕೂತು ಅವರ ಆ್ಯಪನ್ನು ಕನ್ನಡಕ್ಕೆ ಬದಲಿಸಿದೆ. ಮೆನು ಕನ್ನಡವಾಯಿತು, ರೀಚಾರ್ಜು ಕನ್ನಡವಾಯಿತು, ಆಫರಿನ ಜಾಹೀರಾತೂ ಕನ್ನಡವಾಯಿತು. ಆದರೆ ಪಿನ್ ಹಾಕುವ ಪುಟ ಅವರ ಫೋನಿನಲ್ಲಿ ಇಂಗ್ಲಿಷಿನಲ್ಲೇ ಉಳಿಯಿತು. ಹಣ ಕೈಬಿಡುವ ಆ ಒಂದು ಪುಟ ಮಾತ್ರ! ಅಲ್ಲಿ ಮೊತ್ತ ಇದೆ, ಯಾರಿಗೆ ಎಂಬ ಹೆಸರೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹಣ ಬರುತ್ತಿದೆಯೋ ಹೋಗುತ್ತಿದೆಯೋ ಎಂಬುದು ಕನ್ನಡ ಮಾತ್ರ ಓದಬಲ್ಲವರಿಗೆ ಅಲ್ಲಿ ತಿಳಿಯುವುದಿಲ್ಲ. ಆದ್ದರಿಂದ ಮತ್ತೆ ಹೇಳುತ್ತೇನೆ: ಆ ಪುಟದಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.

"ಕಲೆಕ್ಟ್ ರಿಕ್ವೆಸ್ಟ್ ನಿಂತೇ ಹೋಯಿತಲ್ಲ, ಇನ್ನೇನು" ಎಂದು ನಿಮ್ಮ ಕಚೇರಿಯವರು ಟಿಪ್ಪಣಿ ಬರೆಯಬಹುದು. ಹೌದು, ವ್ಯಕ್ತಿಯಿಂದ ವ್ಯಕ್ತಿಗೆ ಕೋರಿಕೆ ಕಳಿಸುವುದನ್ನು 2025ರ ಅಕ್ಟೋಬರಿನಿಂದ ನಿಲ್ಲಿಸಬೇಕೆಂದು ಎನ್‌ಪಿಸಿಐ ಅದೇ ವರ್ಷದ ಜುಲೈ 29ರಂದು ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಸುತ್ತೋಲೆ ಹೊರಡಿಸಿತು. ಅತ್ತಿಗೆಯ ಪಾಲಿಗೆ ತಡವಾಯಿತು, ಇರಲಿ, ಒಳ್ಳೆಯ ಕೆಲಸವೇ. ಆದರೆ ವ್ಯಾಪಾರಿಗಳು ಕಳಿಸುವ ಕೋರಿಕೆಗೆ ಆ ಸುತ್ತೋಲೆ ಅನ್ವಯಿಸಲಿಲ್ಲ. ಕಳ್ಳರೂ ಸುಮ್ಮನೆ ಕೂರಲಿಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ಬೀದಿಯ ಹುಡುಗನೊಬ್ಬ ಹಳೆಯ ಫ್ರಿಜ್ ಮಾರಲು ಆನ್‌ಲೈನಿನಲ್ಲಿ ಹಾಕಿದ. ಕೊಳ್ಳುವವನು ಮತ್ತೆ 'ಸೇನೆಯವನು', ಮತ್ತೆ ಚೌಕಾಸಿ ಇಲ್ಲ. ಈ ಸಲ ಕೋರಿಕೆಯ ಬದಲು ಒಂದು ಕ್ಯೂಆರ್ ಚಿತ್ರ ಬಂತು: "ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ." ಹುಡುಗ ನನ್ನ ಅಂಗಡಿಗೆ ಓಡಿಬಂದಿದ್ದರಿಂದ ಉಳಿದ. ವೇಷ ಬದಲಾಯಿತು, ಆದರೆ ಕೊನೆಗೆ ಬಂದು ನಿಲ್ಲುವುದು ಅದೇ ಪಿನ್ ಪುಟದಲ್ಲಿ.

ಅಂಗಡಿಗೆ ಬರುವವರಿಗೆಲ್ಲ ನಾನು ಈಗ ಹೇಳುವುದು ಇಷ್ಟು. ಹಣ ಬರಬೇಕಾದರೆ ನಿಮ್ಮ ನಂಬರನ್ನೋ ನಿಮ್ಮ ಕ್ಯೂಆರನ್ನೋ ಕೊಡಿ, ಸ್ಕ್ಯಾನ್ ಮಾಡುವ ಕೆಲಸ ಕೊಡುವವನದ್ದು. ನಿಮ್ಮ ಕೈಯಿಂದ ಪಿನ್ ಕೇಳಿತು ಎಂದರೆ ಹಣ ಹೋಗುತ್ತಿದೆ ಎಂದೇ ಅರ್ಥ, ಎದುರಿನವನು ಏನು ಪುರಾಣ ಹೇಳಲಿ. ಅವನು ಕಳಿಸಿದ ಸ್ಕ್ರೀನ್‌ಶಾಟನ್ನು ನಂಬಬೇಡಿ, ನಿಮ್ಮದೇ ಆ್ಯಪಿನಲ್ಲಿ ಬ್ಯಾಲೆನ್ಸ್ ನೋಡಿ. (ಬ್ಯಾಲೆನ್ಸ್ ನೋಡಲೂ ಪಿನ್ ಕೇಳುತ್ತದೆ. ಜನ ಗಲಿಬಿಲಿಗೊಳ್ಳುವುದು ಸುಮ್ಮನೆ ಅಲ್ಲ ನೋಡಿ.) ತಪ್ಪಿ ನಿಮಗೆ ಐದು ಸಾವಿರ ಹಾಕಿದೆ, ವಾಪಸ್ ಹಾಕಿ ಎಂದು ಯಾರಾದರೂ ಗೋಳಾಡಿದರೆ, ಬಂದಿರುವ ಮೆಸೇಜು ಬ್ಯಾಂಕಿನದ್ದೋ ಯಾವನೋ ಹತ್ತಂಕಿಯ ನಂಬರಿನದ್ದೋ ನೋಡಿ. ನಿಜವಾಗಿ ಬಂದಿದ್ದರೂ ನೀವಾಗಿ ಕಳಿಸಬೇಡಿ, ಬ್ಯಾಂಕಿನ ಮೂಲಕ ಪಡೆಯಲು ಹೇಳಿ. ಮತ್ತೆ, ಮಾತು ಮುಗಿಯುವವರೆಗೂ ಫೋನ್ ಇಡಲು ಬಿಡದವನ ಫೋನನ್ನು ಮೊದಲು ಇಡಿ.

ಇದನ್ನೆಲ್ಲ ಬೇಳೆ ತೂಗುತ್ತಾ ಹೇಳುವ ಸಂಬಳ ನನಗೆ ಯಾರೂ ಕೊಡುವುದಿಲ್ಲ, ಸ್ವಾಮಿ. ಹೇಳುತ್ತೇನೆ, ಬೇಸರವಿಲ್ಲ. ಆದರೆ ನನ್ನ ಅಂಗಡಿಗೆ ಬಾರದವರಿಗೆ ಹೇಳುವವರು ಯಾರು?

ಕನ್ನಡದ ಒಂದು ಸಾಲು ಎಲ್ಲರನ್ನೂ ಉಳಿಸುತ್ತದೆ ಎಂದು ನಾನು ಹೇಳುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಮೋಸ ಹೋಗಿದ್ದಾರೆ, ಮಾತಿನ ಗಾಳಕ್ಕೆ ಭಾಷೆಯ ಭೇದವಿಲ್ಲ. ಆದರೆ ಓದಿಯೂ ಮೋಸ ಹೋದವರು ಬೇರೆ, ಓದಲು ಕೊಡದೆ ಮೋಸ ಹೋದವರು ಬೇರೆ. ಎರಡನೆಯವರಿಗೆ 'ನಿರ್ಲಕ್ಷ್ಯ' ಎಂಬ ಸೀಲು ಒತ್ತುವುದು ಯಾವ ನ್ಯಾಯ?

ಲೋಕಸಭೆಯಲ್ಲಿ ನಿಯಮ 377ರ ಅಡಿ ಕ್ಷೇತ್ರದ ವಿಷಯ ಎತ್ತಬಹುದೆಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹಣಕಾಸು ಸಚಿವಾಲಯಕ್ಕೆ ಲಿಖಿತ ಪ್ರಶ್ನೆ ಹಾಕುವುದಂತೂ ಇನ್ನೂ ಸುಲಭ. ಪ್ರಶ್ನೆಯನ್ನು ನಾನೇ ಬರೆದುಕೊಡುತ್ತೇನೆ, ಸಹಿ ಮಾತ್ರ ನಿಮ್ಮದಿರಲಿ: ಯುಪಿಐ ಪಿನ್ ಪುಟದಲ್ಲಿ ಹಣ ಹೋಗುತ್ತಿದೆ ಎಂಬ ಸೂಚನೆಯನ್ನು ಗ್ರಾಹಕ ಆರಿಸಿಕೊಂಡ ಭಾಷೆಯಲ್ಲಿ, ದಪ್ಪ ಅಕ್ಷರದಲ್ಲಿ ಕಡ್ಡಾಯ ಮಾಡಲು ಎಷ್ಟು ದಿನ ಬೇಕು? ಅಲ್ಲಿಯವರೆಗೆ, ಆ ಸೂಚನೆ ತನ್ನ ಭಾಷೆಯಲ್ಲಿ ಸಿಗದ ಗ್ರಾಹಕನ ಮೇಲೆ ಪೂರ್ತಿ ನಷ್ಟ ಹೊರಿಸುವುದನ್ನು ಬ್ಯಾಂಕುಗಳು ನಿಲ್ಲಿಸುತ್ತವೆಯೇ?

ಉತ್ತರ ಬಂದರೆ ದಯವಿಟ್ಟು ಕನ್ನಡದಲ್ಲೇ ಕಳಿಸಿ. ಅತ್ತಿಗೆಯೂ ಓದಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ