ಅಳಿಯನಿಗೆ, ಗಲ್ಲಾದ ಲೆಕ್ಕದ ಬಗ್ಗೆ

ಕಲಬುರಗಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನೀ ಹೇಳಿದ್ದನ್ನು ಕೇಳಿ ನಿದ್ದೆ ಹತ್ತಲಿಲ್ಲ. "ಮಾಮಾ, ಗಲ್ಲಾದಾಗ 360 ರೂಪಾಯಿ ಕಡಿಮಿ ಬಂದಾವ, ಅಂಗಡಿ ಹುಡುಗನ ಮ್ಯಾಲೆ ನನಗ ಅನುಮಾನ" ಅಂದಿ. ಅದಕ್ಕೇ ಕಿರ್ದಿಯ ಹಾಳೆಯದೊಂದು, ಫೋನಿನ ಯುಪಿಐ ಪಟ್ಟಿಯದೊಂದು ಫೋಟೋ ಕಳಿಸು ಅಂದೆ. ಮುಂಜಾನೆ ಚಹಾ ಕುಡಿಯುತ್ತ ಎರಡನ್ನೂ ಇಟ್ಟುಕೊಂಡು ಕೂತೆ. ಹುಡುಗನ ತಪ್ಪು ಇದೆ, ಆದರೆ ನೀ ತಿಳಿದಂಥ ತಪ್ಪಲ್ಲ.

ಮೊದಲು ನಿನ್ನ ಹಾಳೆಯನ್ನೇ ಓದುತ್ತೇನೆ. ಬಿಲ್ ಮಷೀನಿನ ಒಟ್ಟು ವ್ಯಾಪಾರ 18,640. ಅದರಲ್ಲಿ ಉದ್ರಿ ಹೋದದ್ದು 1,980, ಯುಪಿಐ ಅಂತ ಹುಡುಗ ಬರೆದದ್ದು 7,215. ಇವೆರಡನ್ನೂ ಕಳೆದರೆ ರೋಖ ವ್ಯಾಪಾರ 9,445. ಮುಂಜಾನೆ ಚಿಲ್ಲರೆಗೆಂದು ಗಲ್ಲಾದಲ್ಲಿ ಇಟ್ಟದ್ದು 2,000. ಹಳೆ ಉದ್ರಿ ವಸೂಲಾದದ್ದು 1,200. ಗಲ್ಲಾದಿಂದಲೇ ಕೊಟ್ಟದ್ದು ಹಮಾಲಿಗೆ 150, ಚಹಾಕ್ಕೆ 60, ಹಾಲಿನವನಿಗೆ 1,340, ಒಟ್ಟು 1,550. ಹಾಗಾದರೆ 2,000ಕ್ಕೆ 9,445 ಮತ್ತು 1,200 ಕೂಡಿಸಿ 1,550 ಕಳೆದರೆ ಇರಬೇಕಾದ ಶಿಲ್ಕು 11,095. ನೀ ಎಣಿಸಿದ್ದು 10,735. ಕಡಿಮೆ 360. ಇಲ್ಲಿಯ ತನಕ ನಿನ್ನ ಕೂಡಿ-ಕಳೆಯುವುದರಲ್ಲಿ ತಪ್ಪಿಲ್ಲ.

ವ್ಯತ್ಯಾಸ ಬಂದಾಗ ಮೊದಲು ಆ ಅಂಕಿಯನ್ನೇ ಮಾತಾಡಿಸಬೇಕು, ಮನುಷ್ಯರನ್ನಲ್ಲ. ನಾನು ಅದೇ ಮೊತ್ತದ ಚೀಟಿ ಎಲ್ಲಾದರೂ ಬಿಟ್ಟುಹೋಗಿದೆಯೇ ಅಂತ ನೋಡಿದೆ. 360ರ ಚೀಟಿ ಇರಲಿಲ್ಲ. ಆಮೇಲೆ ಅರ್ಧ ಮಾಡಿದೆ: 180. ಖರ್ಚಿನ 180 ರೂಪಾಯಿಯನ್ನು ಯಾರಾದರೂ ಜಮಾ ಕಡೆ ಬರೆದಿದ್ದರೆ, ಕಳೆಯಬೇಕಾದದ್ದು ಕೂಡಿ, ವ್ಯತ್ಯಾಸ ಎರಡು ಪಟ್ಟಾಗಿ 360 ಕಾಣುತ್ತದೆ. ಅಂಥದ್ದೂ ಇರಲಿಲ್ಲ. ಕಡೆಗೆ ಒಂಬತ್ತರಿಂದ ಭಾಗಿಸಿದೆ. ಸರಿಯಾಗಿ 40 ಬಂತು, ಶೇಷ ಇಲ್ಲ. ಆಗ ನಾನು ಚಹಾದ ಲೋಟ ಕೆಳಗಿಟ್ಟೆ.

ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 63ನ್ನು 36 ಅಂತ ಬರೆದರೆ 27, 91ನ್ನು 19 ಅಂದರೆ 72. ನೂರರ ಮತ್ತು ಹತ್ತರ ಸ್ಥಾನ ಬದಲಾದರೆ ತೊಂಬತ್ತರಿಂದ ಭಾಗವಾಗುತ್ತದೆ. 360ನ್ನು 90ರಿಂದ ಭಾಗಿಸಿದರೆ 4. ಅಂದರೆ ಒಂದಕ್ಕೊಂದು ನಾಲ್ಕರ ಅಂತರ ಇರುವ ಎರಡು ಅಂಕಿ ಹುಡುಕಬೇಕು: 51-15, 73-37, 84-48 ಅಂಥವು. ಸೊನ್ನೆ ಜಾರಿದಾಗಲೂ ಹೀಗೇ ಆಗುತ್ತದೆ. 400ನ್ನು 40 ಅಂತ ಬರೆದರೂ 360ರ ವ್ಯತ್ಯಾಸವೇ. ಆದ್ದರಿಂದ ಎರಡನ್ನೂ ನೋಡಬೇಕು. ಯುಪಿಐ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದೆ. ಸಂಜೆಯ ಗದ್ದಲದ ಹೊತ್ತಿನದೊಂದು ಸಾಲು, ಫೋನಿನಲ್ಲಿ 840, ಹುಡುಗ ಹಾಳೆಯಲ್ಲಿ ಬರೆದದ್ದು 480. ಯುಪಿಐ 360 ಕಡಿಮೆ ಬರೆದದ್ದಕ್ಕೆ ರೋಖ ವ್ಯಾಪಾರ 360 ಹೆಚ್ಚು ಕಂಡಿತು. ನಿಜವಾದ ಯುಪಿಐ 7,575, ನಿಜವಾದ ಶಿಲ್ಕು 10,735. ನಿನ್ನ ಗಲ್ಲಾ ಪೈಸೆಗೆ ಪೈಸೆ ಸರಿ ಇದೆ.

ಅವನ ಪಗಾರದಲ್ಲಿ 360 ಹಿಡಿದಿದ್ದರೆ ಇವತ್ತೇ ಕೊಟ್ಟುಬಿಡು. ಸ್ಪೀಕರ್ ಕೂಗಿದ್ದನ್ನು ಕೇಳಿ ಬರೆಯುವ ರೂಢಿಯನ್ನೂ ಬಿಡಿಸು. ಅಂಗಡಿ ತೆರೆದ ಹೊತ್ತಿನಿಂದ ಮುಚ್ಚುವ ಹೊತ್ತಿನ ತನಕದ ಯುಪಿಐ ಮೊತ್ತವನ್ನು ರಾತ್ರಿ ಫೋನಿನ ಪಟ್ಟಿಯಿಂದಲೇ ತೆಗೆ. ಬ್ಯಾಂಕಿಗೆ ಜಮಾ ಆದ ಮೊತ್ತದೊಂದಿಗೆ ತಾಳೆ ನೋಡಬೇಡ, ಅದು ಬೇರೆ ಹೊತ್ತಿಗೆ ಬರಬಹುದು, ಎರಡು ದಿನದ್ದು ಕೂಡಿಯೂ ಬರಬಹುದು. ಗಿರಾಕಿ ತೋರಿಸಿದ ಸ್ಕ್ರೀನ್‌ಶಾಟೂ ಲೆಕ್ಕಕ್ಕಿಲ್ಲ, ನಿನ್ನ ಪಟ್ಟಿಯಲ್ಲಿ ಸಾಲು ಕಾಣಬೇಕು.

ಈಗ ಕಡಿಮೆಗಿಂತ ಕೆಟ್ಟದ್ದೊಂದು ಹೇಳುತ್ತೇನೆ, ಅದು ಹೆಚ್ಚಿಗೆ ಬರುವುದು. ನಾನು ಗಂಜಿನ ಹತ್ತಿರ ಕಿರಾಣಿ ಇಟ್ಟ ಹೊಸದರಲ್ಲಿ ಒಂದು ರಾತ್ರಿ ಗಲ್ಲಾದಲ್ಲಿ 700 ರೂಪಾಯಿ ಹೆಚ್ಚು ಬಂತು. ಖುಷಿಯಿಂದ ಜೇಬಿಗೆ ಹಾಕಿಕೊಂಡೆ, ಕಿರ್ದಿಯಲ್ಲಿ "ಸರಿ" ಅಂತ ಬರೆದೆ. ಆಗ ತೊಗರಿ ರಾಶಿ ಮುಗಿದು ರೈತರು ಒಬ್ಬೊಬ್ಬರೇ ಉದ್ರಿ ತೀರಿಸುವ ಕಾಲ. ತಿಂಗಳ ಮೇಲೆ ಒಬ್ಬ ಹಿರಿಯರನ್ನು ಬಜಾರದಲ್ಲಿ, ನಾಲ್ಕು ಮಂದಿಯ ಎದುರು, "ನಿಮ್ಮ ಬಾಕಿ 700 ಹಂಗೇ ಅದ" ಅಂದೆ. ಅವರು ದಿನ, ಹೊತ್ತು, ಕೊಟ್ಟ ನೋಟು ಎಲ್ಲ ಹೇಳಿದರು. ಆ ರೊಕ್ಕ ನಾನು ತಗೊಂಡಿದ್ದೆ, ಉದ್ರಿ ವಹಿಯಲ್ಲಿ ಬರೆದಿರಲಿಲ್ಲ. ಕ್ಷಮೆ ಕೇಳಿದೆ. ಅವರು ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ನಿನಗೆ ಇದು ಯುಪಿಐನಲ್ಲಿಯೂ ಆಗುತ್ತದೆ. ಹಳೆ ಬಾಕಿಯನ್ನು ಯಾರಾದರೂ ಫೋನಿನಿಂದ ಹಾಕಿದರೆ ಅದು ಯುಪಿಐ ಮೊತ್ತದಲ್ಲಿ ಸೇರುತ್ತದೆ, ಆದರೆ ಇವತ್ತಿನ ವ್ಯಾಪಾರ ಅಲ್ಲ. ವಸೂಲಿಯಲ್ಲಿ ಬರೆಯದಿದ್ದರೆ ಗಲ್ಲಾದಲ್ಲಿ ಅಷ್ಟೇ ಮೊತ್ತ ಹೆಚ್ಚು ಕಾಣುತ್ತದೆ. ಆದ್ದರಿಂದ ವಸೂಲಿ ರೋಖ ಇರಲಿ, ಫೋನ್ ಇರಲಿ, ಎರಡನ್ನೂ ವಹಿಯಲ್ಲಿ ಹಿಡಿ. ಇನ್ನು "ಫೋನಿಗೆ 500 ಹಾಕ್ತೀನಿ, ರೋಖ ಕೊಡು" ಅನ್ನುವವರಿಗೆ ಕೊಟ್ಟದ್ದನ್ನು ಖರ್ಚಿನಲ್ಲಿ ಬರೆಯಬೇಡ. ಯುಪಿಐ ಕಳೆಯುವಾಗಲೇ ಅದು ಕಳೆದಿರುತ್ತದೆ. ಬರೆದರೆ ಎರಡು ಸಲ ಕಳೆದಂತಾಗಿ 500 ಹೆಚ್ಚು ತೋರಿಸುತ್ತದೆ.

ಎಣಿಕೆಯಲ್ಲಿ ನಿನ್ನ ಒಂದು ರೂಢಿ ನನಗೆ ಸೇರಲಿಲ್ಲ. ಮೊದಲು ಬಿಲ್ಲಿನ ಮೊತ್ತ ನೋಡಿ ಆಮೇಲೆ ಎಣಿಸುತ್ತೀ. ಮೊತ್ತ ಗೊತ್ತಿದ್ದರೆ ಕೈ ಅಲ್ಲಿಗೇ ಬಂದು ನಿಲ್ಲುತ್ತದೆ. ಅರ್ಧ ಶಟರ್ ಇಳಿಸಿ, ನೋಟುಗಳನ್ನು ಒಂದೇ ಮುಖಕ್ಕೆ ಜೋಡಿಸಿ, ಎಣಿಸಿ, ತಿರುವಿ ಇನ್ನೊಂದು ತುದಿಯಿಂದ ಮತ್ತೆ ಎಣಿಸಿ, ಬರೆದಿಟ್ಟ ಮೇಲೆ ಮಷೀನಿನ ಚೀಟಿ ತೆಗೆ. ನಿನ್ನೆಯದು 500ರ 14, 200ರ 7, 100ರ 16, 50ರ 9, 20ರ 6, 10ರ 11, ನಾಣ್ಯ 55 ಅಂತ ಬರೆದಿದ್ದೀ, ಅದು ಚೆನ್ನಾಗಿದೆ. ನೂರು ಮತ್ತು ಅದಕ್ಕಿಂತ ಸಣ್ಣವೆಲ್ಲ ಸೇರಿ 2,335 ಆಗುತ್ತವೆ. ಅದರಲ್ಲೇ ಮರುದಿನದ 2,000 ತೆಗೆದಿಟ್ಟು, ಉಳಿದ 8,735 ಕಟ್ಟಿ ಮನೆಗೆ ಒಯ್ಯಿ.

ಹುಡುಕಿ ಸಿಗದ ವ್ಯತ್ಯಾಸವನ್ನು "ಕಡಿಮೆ 20", "ಹೆಚ್ಚು 35" ಅಂತ ಇದ್ದದ್ದಿದ್ದಂತೆ ಬರೆ. ಚಿಲ್ಲರೆ ತಪ್ಪಿ ಕೊಟ್ಟದ್ದಕ್ಕೆ ಯಾವ ಚೀಟಿಯೂ ಸಾಕ್ಷಿ ಹೇಳುವುದಿಲ್ಲ. ಜೇಬಿನಿಂದ ಹಾಕಿ ಸರಿ ಮಾಡಿದರೆ ಮುಂದೆ ಅದೇ ತಪ್ಪು ಪ್ರತಿ ವಾರ ಬರುತ್ತಿದೆಯೋ ಇಲ್ಲವೋ ನಿನಗೇ ಗೊತ್ತಾಗುವುದಿಲ್ಲ. ಒಂದು ಮಾತು, ಗಲ್ಲಾ ತಾಳೆಯಾಯಿತು ಅಂದರೆ ಕಳವೇ ಇಲ್ಲ ಅಂತಲ್ಲ. ಬಿಲ್ ಮಾಡದೇ ಮಾಲು ಕೊಟ್ಟು ರೊಕ್ಕ ಬೇರೆ ಕಡೆ ಹೋದರೆ ಗಲ್ಲಾದ ಲೆಕ್ಕ ನೆಟ್ಟಗೇ ಇರುತ್ತದೆ. ಅದು ಸಿಗುವುದು ಎಣ್ಣೆ ಪಾಕೀಟು, ಬೇಳೆ ಚೀಲ ಎಣಿಸಿದಾಗ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಅಕ್ಕನಿಗೆ ನಮಸ್ಕಾರ ತಿಳಿಸು, ಮಂಡಿನೋವು ಈಗ ಹೇಗಿದೆ ಕೇಳಿದೆ ಅನ್ನು. ಶನಿವಾರದ ಹಾಳೆಯ ಫೋಟೋ ಕಳಿಸು, ಈ ಸಲವೂ ಯುಪಿಐ ಪಟ್ಟಿ ಸಮೇತ.

ನಿನ್ನ ಮಾಮಾ