ಆಯಿಯ ಚಪ್ಪಲಿ ಗುರಿ ತಪ್ಪುತ್ತಿತ್ತು, ನೆನಪಿದ್ಯಾ?

ಪ್ರೀತಿಯ ಗೆಳೆಯಾ,

ನೀನು ರಾತ್ರಿ ಕಳಿಸಿದ ಮೀಮ್ ನೋಡಿದೆ. ಅಮ್ಮ ಎಸೆದ ಚಪ್ಪಲಿ ಗೋಡೆಯ ಮೂಲೆ ತಿರುಗಿ, ಮೆಟ್ಟಿಲು ಹತ್ತಿ, ಹುಡುಗನ ಬೆನ್ನಿಗೇ ಬಡಿಯುತ್ತದಲ್ಲ, ಅದು. ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ನಮ್ಮನೆ ಅಂಗಳ ನೆನಪಾಯಿತು.

ಸ್ಪ್ಯಾನಿಷ್ ಮಾತಾಡುವ ಊರುಗಳಲ್ಲೂ ಇದೇ ತಮಾಷೆ ಇದೆಯಂತೆ. ಅಲ್ಲಿ ಇದಕ್ಕೆ 'ಲಾ ಚಾಂಕ್ಲಾ' ಅಂತಾರೆ. ಆದರೆ ಅದು ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ, ಅಮ್ಮನ ಕಾಲಲ್ಲೇ ಇರುತ್ತದೆ. ನಮ್ಮ ಶಿರಸಿ ಕಡೆ ಚಪ್ಪಲಿ ಜಗಲಿ ಹತ್ತುವುದಿಲ್ಲ. ಹಾಗಾಗಿ ಒಳಗೆ ತಪ್ಪು ಮಾಡಿದರೆ ಸೌಟು, ಕಡಗೋಲು, ಇಲ್ಲವೇ ಕಸಬರಿಗೆ. ಚಪ್ಪಲಿ ಹಾರುತ್ತಿದ್ದುದು ಅಂಗಳದಲ್ಲಿ ಮಾತ್ರ.

ಆ ದಿನ ನೆನಪು ಮಾಡಿಕೋ. ಅಂಗಳದ ತುಂಬ ಚಾಲಿ ಅಡಿಕೆ ಹರವಿತ್ತು. ದನ ಬಾರದ ಹಾಗೆ ಕಾಯಿರಿ ಅಂತ ನಮ್ಮಿಬ್ಬರನ್ನು ಕೂರಿಸಿದ್ದರು. ನಾವು ತೆಂಗಿನ ಹೆಡೆಯ ಬ್ಯಾಟು ಹಿಡಿದು ಆಟ ಶುರು ಮಾಡಿದೆವು. ನೀನು ಹೊಡೆದ ಚೆಂಡು ಅಡಿಕೆ ಮೇಲೆ ಬಿತ್ತು, ಅದರ ಹಿಂದೆ ನಾನು ಓಡಿದೆ. ಕಾಲಡಿಯ ಅಡಿಕೆ ಉರುಳಿ ಚರಂಡಿ ಪಾಲು. ದನವೂ ಅದೇ ಹೊತ್ತಿಗೆ ಬಂತು.

ಆಯಿ ಜಗಲಿಯಿಂದ ಇಳಿದವಳೇ ಮೆಟ್ಟಿಲ ಬುಡದ ಹವಾಯಿ ಚಪ್ಪಲಿ ಎತ್ತಿ ಬೀಸಿದಳು. ಮೀಮಿನವರು ಚಪ್ಪಲಿಯನ್ನು ಸುಮ್ನೆ ತಿರುಗಿಸಿಲ್ಲ, ಮಾರಾಯ. ಹಗುರ ರಬ್ಬರು, ಚಪ್ಪಟೆ ಅಟ್ಟೆ. ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಒಂದು ಕಡೆ ವಾಲುತ್ತದೆ. ನಮ್ಮಿಬ್ಬರ ನಡುವೆ ಹಾದು ತುಳಸಿಕಟ್ಟೆ ಆಚೆ ಬಿತ್ತು. ದನ ಮಾತ್ರ ಬೆದರಿ ಓಡಿತು.

ಅಸಲಿ ಹೆದರಿಕೆ ಆಮೇಲಿನದು. "ತಮಾ, ಆ ಚಪ್ಪಲಿ ಇಲ್ಲಿ ತಗಂಬಾ" ಅಂದಳು. ನಮ್ಮನ್ನು ಹೊಡೆಯುವ ಚಪ್ಪಲಿಯನ್ನು ನಾವೇ ತಂದುಕೊಡಬೇಕು! ಕೊಟ್ಟರೆ ಏಟು, ಓಡಿದರೆ "ಉಂಬಲೆ ಬರ್ತ್ಯಲಿ". ನಾನು ತಂದುಕೊಟ್ಟೆ. ಅವಳು ಅದನ್ನು ಕಾಲಿಗೆ ಹಾಕಿಕೊಂಡು ಅಡಿಕೆ ಹೆಕ್ಕಲು ಬಗ್ಗಿದಳು. ನಾವೂ ಬಗ್ಗಿದೆವು.

ಎಲ್ಲರ ಮನೆಯಲ್ಲೂ ಗುರಿ ತಪ್ಪುತ್ತಿರಲಿಲ್ಲ, ಅದೂ ಗೊತ್ತು. ನಮ್ಮ ಶಾಲೆ ಗ್ರೂಪಿನಲ್ಲಿ ಇಂಥ ಮೀಮ್ ಬಂದಾಗೆಲ್ಲ ಒಬ್ಬ ಏನೂ ಬರೆಯುವುದಿಲ್ಲ. ಅವನ ತೋಳಿನ ಬರೆ ನೀನೂ ನೋಡಿದ್ದೆ, ಅಲ್ವಾ. ಅದಕ್ಕೇ ಇದನ್ನು ಅಲ್ಲಿ ಹಾಕದೆ ನಿನಗೊಬ್ಬನಿಗೇ ಬರೆದಿದ್ದೆ. ಅವನಿಗೂ ತೋರಿಸಿದೆ. ಹಾಕು, ಪರವಾಗಿಲ್ಲ ಅಂದ. ಅವನ ಮಾತಿನ ಮೇಲೆ ಎಲ್ಲರಿಗೂ ಹಾಕುತ್ತಿದ್ದೇನೆ.

ಬೆಳಿಗ್ಗೆ ಆಯಿಗೆ ಫೋನಿನಲ್ಲಿ ಆ ಮೀಮ್ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ನೋಡಿದಳು. ಆಮೇಲೆ ಅಂದಳು, "ಅವತ್ತು ಬಾರು ಕಿತ್ತು ಹೋಗಿತ್ತು. ಪಿನ್ನು ಚುಚ್ಚಿಗ್ಯಂಡೇ ಮಾರಿ ಜಾತ್ರೆಗೆ ಹೋಗಿದ್ದಿ."

ನಿನ್ನವ