ನಮ್ಮ ಸಂದೇಶಗಳಲ್ಲಿ ಇನ್ನು ಮುಂದೆ ಲಿಂಕ್ ಇರುವುದಿಲ್ಲ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸಹಕಾರಿ ಬ್ಯಾಂಕು ಕಳಿಸುವ ಯಾವ ಎಸ್ಸೆಮ್ಮೆಸ್‌ನಲ್ಲೂ ಇಮೇಲ್‌ನಲ್ಲೂ ಲಿಂಕ್ ಇರುವುದಿಲ್ಲ. ಕರೆ ಮಾಡಿ ಎಂದು ಫೋನ್ ನಂಬರನ್ನೂ ಕೊಡುವುದಿಲ್ಲ. ಸಂದೇಶದಲ್ಲಿ ವಿಷಯ ಮಾತ್ರ ಇರುತ್ತದೆ. ಅದರ ಪ್ರತಿ ನಮ್ಮ ಆ್ಯಪ್‌ನ ‘ಸೂಚನೆಗಳು’ ಪುಟದಲ್ಲೂ ಇರುತ್ತದೆ. ಅಲ್ಲಿ ಕಾಣದ ಸಂದೇಶ ನಮ್ಮದಲ್ಲ. ಆ್ಯಪ್ ಬಳಸದವರು ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಅಚ್ಚಾಗಿರುವ ನಂಬರಿಗೆ ಕರೆ ಮಾಡಿ ಕೇಳಬಹುದು.

‘ಫಿಶಿಂಗ್ ಬಗ್ಗೆ ಎಚ್ಚರವಿರಲಿ’ ಎಂದು ನಾವು ಆಗಾಗ ಕಳಿಸುತ್ತಿದ್ದ ಸಂದೇಶವೇ ಈ ಬದಲಾವಣೆಗೆ ಕಾರಣ. ಅಪರಿಚಿತ ಲಿಂಕ್ ಒತ್ತಬೇಡಿ ಎಂದು ಹೇಳಿ, ಕೆಳಗೆ ‘ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ’ ಎಂದು ನಾವೇ ಒಂದು ಲಿಂಕ್ ಕೊಡುತ್ತಿದ್ದೆವು. ಅದು ನಮ್ಮದೇ ತಪ್ಪು. ಮೇಲಾಗಿ, ಫಿಶಿಂಗ್ ಎಂದರೇನು ಎಂದು ಆ ಸಂದೇಶದಲ್ಲಿ ಎಲ್ಲೂ ಹೇಳಿರಲಿಲ್ಲ.

ಫಿಶಿಂಗ್ ಎಂದರೆ ಗಾಳ ಹಾಕುವುದು. ಮೀನು ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿರುವ ಪದದ ಕಾಗುಣಿತವನ್ನು ತುಸು ಬದಲಿಸಿ 1990ರ ದಶಕದಲ್ಲಿ ಈ ಪದವನ್ನು ಹುಟ್ಟುಹಾಕಿದರು. ಇಲ್ಲಿ ಯಾರೂ ಬ್ಯಾಂಕಿನ ಕಂಪ್ಯೂಟರಿಗೆ ಕನ್ನ ಹಾಕುವುದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಒಂದು ಸಂದೇಶ ಬರುತ್ತದೆ, ಬ್ಯಾಂಕಿನದೇ ಎನಿಸುವ ಪುಟವೊಂದು ತೆರೆಯುತ್ತದೆ, ಪಾಸ್‌ವರ್ಡನ್ನು ಗ್ರಾಹಕರೇ ತಮ್ಮ ಕೈಯಾರೆ ಅಲ್ಲಿ ಬರೆದುಕೊಡುತ್ತಾರೆ. ಬೀಗ ಒಡೆಯುವ ಕೆಲಸವೇ ಇಲ್ಲ, ಬೀಗದ ಕೈಯನ್ನೇ ಕೇಳಿ ಪಡೆಯುತ್ತಾರೆ. ಬಹುಮಾನ ಬಂದಿದೆ ಎಂಬ ಆಮಿಷಕ್ಕೆ ಬೀಳದವರೂ ‘ನಿಮ್ಮ ಹಣಕ್ಕೆ ಅಪಾಯ’ ಎಂಬ ಮಾತಿಗೆ ಬೇಗ ಓಗೊಡುತ್ತಾರೆ. ಹಾಗಾಗಿ ಈ ಗಾಳಕ್ಕೆ ಸಿಕ್ಕಿಸುವ ಎರೆ ಅನೇಕ ಸಲ ಬ್ಯಾಂಕಿನ ಎಚ್ಚರಿಕೆ ಸಂದೇಶವೇ ಆಗಿರುತ್ತದೆ.

ಒಂದು ಮಾದರಿ ನೋಡಿ. ನಮ್ಮ ಬ್ಯಾಂಕಿನ ವಿಳಾಸ `ourbank.example` ಎಂದಿಟ್ಟುಕೊಳ್ಳೋಣ (ಉದಾಹರಣೆಗಾಗಿ ಮಾಡಿಕೊಂಡ ಹೆಸರು). ಹೀಗೊಂದು ಎಸ್ಸೆಮ್ಮೆಸ್ ಬರುತ್ತದೆ:

‘ನಿಮ್ಮ ಖಾತೆಗೆ ಹೊಸ ಮೊಬೈಲ್‌ನಿಂದ ಲಾಗಿನ್ ಆಗಿದೆ. ಅದು ನೀವಲ್ಲದಿದ್ದರೆ 30 ನಿಮಿಷದೊಳಗೆ ರದ್ದುಪಡಿಸಿ.’

```
https://ourbank.example.alert-login.example/cancel
```

ಕಳಿಸಿದವರ ಹೆಸರಿನ ಜಾಗದಲ್ಲಿ ನಮ್ಮದೇ ಹೆಸರಿರಬಹುದು. ಎಸ್ಸೆಮ್ಮೆಸ್ ಕಳಿಸುವಾಗ ಆ ಹೆಸರನ್ನು ನಕಲಿಯಾಗಿ ಹಾಕಲು ಬರುತ್ತದೆ. ಫೋನು ಸಂದೇಶಗಳನ್ನು ಕಳಿಸಿದವರ ಹೆಸರಿನ ಪ್ರಕಾರ ಒಂದೆಡೆ ಜೋಡಿಸುವುದರಿಂದ, ನಕಲಿ ಸಂದೇಶವೂ ನಮ್ಮ ಹಳೆಯ ಅಸಲಿ ಸಂದೇಶಗಳ ಸಾಲಿನಲ್ಲೇ ಬಂದು ಕೂರುತ್ತದೆ. ‘ಮೇಲಿನವೆಲ್ಲ ಬ್ಯಾಂಕಿನವೇ, ಇದೂ ಹಾಗೇ’ ಎಂದು ನಂಬಿ ಮೋಸಹೋಗುವುದು ಇಲ್ಲಿಯೇ.

ಈಗ ಲಿಂಕನ್ನು ಒತ್ತದೆ, ಬರೀ ಓದಿ. `https://` ಬಿಟ್ಟು ಮುಂದೆ ಹೋಗಿ, ಮೊದಲ ಓರೆಗೆರೆ `/` ಸಿಕ್ಕಲ್ಲಿ ನಿಲ್ಲಿ. ಅದರಿಂದಾಚೆಗಿನ `cancel` ಲೆಕ್ಕಕ್ಕಿಲ್ಲ. ಆ ಗೆರೆಯಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಬನ್ನಿ. ಮೊದಲು ಸಿಗುವುದು `example`, ಆಮೇಲೆ `alert-login`. ಈ ಎರಡು ತುಂಡು ಸೇರಿದ `alert-login.example` ಎಂಬುದೇ ಆ ಪುಟದ ನಿಜವಾದ ಮನೆ. ಅದರ ಎಡಕ್ಕೆ ಕಾಣುವ `ourbank.example` ಬರೀ ಅಲಂಕಾರ. ಹೆಸರೊಂದನ್ನು ಕೊಂಡವರು ಅದರ ಎಡಕ್ಕೆ ಏನನ್ನು ಬೇಕಾದರೂ ಬರೆದುಕೊಳ್ಳಬಹುದು, ಯಾರ ಒಪ್ಪಿಗೆಯೂ ಬೇಕಿಲ್ಲ. ನಾವು ಎಡದಿಂದ ಓದುವವರು, ಫೋನಿನ ಪರದೆಯೂ ಕಿರಿದು. ಮೊದಲು ಕಂಡ ನಮ್ಮ ಹೆಸರಿಗೇ ಕಣ್ಣು ನಿಂತುಬಿಡುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ವಿಳಾಸದ ಕೊನೆ `co.in` ಅಥವಾ `co.uk` ಎಂಬಂತೆ ಎರಡು ತುಂಡಿನದಾದರೆ, ಹಿಂದಕ್ಕೆ ಇನ್ನೂ ಒಂದು ತುಂಡು ಹೋಗಬೇಕು. ಎರಡನೆಯದು, ಅಡ್ಡಗೆರೆ ಚುಕ್ಕೆಯಲ್ಲ. `ourbank-alert.example` ಎಂಬುದು ನಮ್ಮ ವಿಳಾಸದ ಒಂದು ಭಾಗವಲ್ಲ, ಬೇರೆ ಯಾರು ಬೇಕಾದರೂ ಕೊಳ್ಳಬಹುದಾದ ಬೇರೆಯೇ ಹೆಸರು.

ಈ ಓದಿಗೂ ಮಿತಿಯಿದೆ. ಚಿಕ್ಕದಾಗಿಸಿದ ಲಿಂಕ್ ಎಲ್ಲಿಗೆ ಹೋಗುತ್ತದೆಂದು ಬರೀ ನೋಡಿ ಹೇಳಲಾಗದು. `rn` ಎಂಬ ಎರಡಕ್ಷರ ಸಣ್ಣ ಪರದೆಯಲ್ಲಿ `m`ನಂತೆಯೇ ಕಾಣುತ್ತದೆ. ಹಾಗೆಂದು ಬೀಗದ ಚಿತ್ರವನ್ನೋ `https` ಅನ್ನೋ ನೆಚ್ಚಿಕೊಳ್ಳಬೇಡಿ. ಆ ಪುಟಕ್ಕೂ ನಿಮಗೂ ನಡುವೆ ಮೂರನೆಯವರು ಇಣುಕಲಾರರು ಎಂದಷ್ಟೇ ಅದರ ಅರ್ಥ. ಪುಟ ಕಳ್ಳನದಾದರೆ, ಕಳ್ಳನ ಜೊತೆಗಿನ ಮಾತು ಗುಟ್ಟಾಗಿರುತ್ತದೆ, ಅಷ್ಟೇ. ಕ್ರೋಮ್ ಬ್ರೌಸರು 2023ರಲ್ಲಿ ವಿಳಾಸದ ಪಕ್ಕದ ಆ ಬೀಗವನ್ನು ತೆಗೆದುಹಾಕಿದ್ದಕ್ಕೆ ಜನರ ಈ ತಪ್ಪು ನಂಬಿಕೆಯೂ ಒಂದು ಕಾರಣ. ಲಿಂಕ್ ಓದಿ ಇತ್ಯರ್ಥವಾಗದಿದ್ದರೆ ತಲೆಕೆಡಿಸಿಕೊಳ್ಳದೆ ಆ್ಯಪ್ ತೆರೆದು ‘ಸೂಚನೆಗಳು’ ನೋಡಿ.

‘ಓಟಿಪಿ ಅಂತೂ ಬ್ಯಾಂಕಿನಿಂದಲೇ ಬಂತಲ್ಲ’ ಎಂದು ಹಲವರು ಕೇಳುತ್ತಾರೆ. ಹೌದು, ಅದು ಅಸಲಿಯೇ. ನಕಲಿ ಪುಟದಲ್ಲಿ ನೀವು ಪಾಸ್‌ವರ್ಡ್ ಬರೆದ ಕೂಡಲೇ ಅದನ್ನು ಅತ್ತ ಕಡೆಯವರು ಬ್ಯಾಂಕಿನ ನಿಜವಾದ ಪುಟದಲ್ಲಿ ಹಾಕುತ್ತಾರೆ. ಬ್ಯಾಂಕು ನಿಯಮದಂತೆ ನಿಮ್ಮ ಫೋನಿಗೆ ಓಟಿಪಿ ಕಳಿಸುತ್ತದೆ. ನಕಲಿ ಪುಟ ಅದನ್ನೂ ಕೇಳುತ್ತದೆ. ಇಲ್ಲಿ ನಿಮ್ಮನ್ನು ಉಳಿಸಬಲ್ಲದ್ದು ಓಟಿಪಿ ಸಂದೇಶದ ಉಳಿದ ಸಾಲು. ನೀವು ಏನನ್ನೋ ‘ರದ್ದುಪಡಿಸಲು’ ಹೊರಟಿದ್ದೀರಿ, ಆದರೆ ಸಂದೇಶದಲ್ಲಿ ‘ಹೊಸ ಮೊಬೈಲ್ ನೋಂದಣಿಗೆ’ ಅಥವಾ ‘ಹಣ ವರ್ಗಾವಣೆಗೆ’ ಎಂದಿದೆ. ಅಂಕಿಯನ್ನಷ್ಟೇ ನೋಡುವವರಿಗೆ ಈ ಸಾಲು ಕಾಣುವುದಿಲ್ಲ. ಹೀಗಾಗಿ ಮುಂದಿನ ತಿಂಗಳಿನಿಂದ ನಮ್ಮ ಓಟಿಪಿ ಸಂದೇಶದಲ್ಲಿ ಉದ್ದೇಶ ಮೊದಲು, ಅಂಕಿ ಕೊನೆಗೆ ಇರುತ್ತದೆ. ಇನ್ನು, ಏನನ್ನಾದರೂ ರದ್ದು ಮಾಡಿಸಲು ನಾವು ಓಟಿಪಿ ಕೇಳುವುದಿಲ್ಲ.

ಲಿಂಕ್ ಒತ್ತಿ, ಏನನ್ನೂ ಬರೆಯದೆ ಪುಟ ಮುಚ್ಚಿದ್ದರೆ ಸಾಮಾನ್ಯವಾಗಿ ಗಾಬರಿಯಾಗಬೇಕಿಲ್ಲ. ಪಾಸ್‌ವರ್ಡ್ ಬರೆದಿದ್ದರೆ ಮೊದಲು ಪಾಸ್‌ಬುಕ್‌ನಲ್ಲಿರುವ ನಂಬರಿಗೆ ಕರೆ ಮಾಡಿ ಖಾತೆಯಿಂದ ಹಣ ಹೋಗದಂತೆ ತಡೆ ಹಾಕಿಸಿ, ಆಮೇಲೆ ಆ್ಯಪ್‌ನಲ್ಲಿ ಪಾಸ್‌ವರ್ಡ್ ಬದಲಿಸಿ. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತದೆ. ಅದು ಮೊದಲ ಖಾತೆಯಲ್ಲಿರುವಾಗಲೇ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು, ನಾಳೆ ಬೆಳಿಗ್ಗೆ ಶಾಖೆಗೆ ಬರುವೆನೆಂದು ಕಾಯಬೇಡಿ. ಲಿಂಕ್‌ನಿಂದ ಆ್ಯಪ್ ಏನಾದರೂ ಇನ್‌ಸ್ಟಾಲ್ ಮಾಡಿದ್ದರೆ ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೊಂದು ಫೋನಿನಿಂದ ಕರೆ ಮಾಡಿ. ಅಂಥ ಆ್ಯಪ್ ನಿಮಗೆ ಬರುವ ಓಟಿಪಿಯನ್ನು ತಾನೇ ಓದಿ ಕಳಿಸುವಂಥದ್ದಿರಬಹುದು.

ನಾವು ಹಿಂದೆ ಕಳಿಸಿದ ಸಂದೇಶಗಳ ಲಿಂಕ್‌ಗಳು 1ನೇ ತಾರೀಖಿನ ನಂತರ ತೆರೆಯುವುದಿಲ್ಲ. ಅವುಗಳಲ್ಲಿದ್ದ ಅರ್ಜಿಗಳು ಆ್ಯಪ್‌ನಲ್ಲೂ ಶಾಖೆಯಲ್ಲೂ ಸಿಗುತ್ತವೆ.

ಇತಿ,
ಗ್ರಾಹಕ ಸೇವಾ ವಿಭಾಗ